ಸಹಿಗೆ ನಾಲ್ಕು ಸಾಲು ಸಾಕು

ಇಮೇಲಿನ ಸಹಿ ನಾಲ್ಕು ಸಾಲು ಮೀರದಿರಲಿ ಎಂದು 1995ರಲ್ಲೇ RFC 1855 ಎಂಬ ಅಂತರ್ಜಾಲ ಶಿಷ್ಟಾಚಾರದ ಮಾರ್ಗಸೂಚಿ ಹೇಳಿತ್ತು. ಆ ಅಳತೆ ಇಂದಿಗೂ ಸರಿಯೇ.

ಧಾರವಾಡದ ಆರ್ಕಿಟೆಕ್ಟ್ ಒಬ್ಬರ ಸಹಿ ಹೀಗಿರಬಹುದು: ಮೊದಲು ಹೆಸರು, ಕೆಳಗೆ ವೃತ್ತಿ ಮತ್ತು ಊರು, ಮೂರನೆಯದಾಗಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ನೋಂದಣಿ ಸಂಖ್ಯೆ, ಕೊನೆಗೆ ಒಂದೇ ಫೋನ್ ನಂಬರ್. ನಂಬಿಕೆ ಹುಟ್ಟಿಸುವುದು ಮೂರನೇ ಸಾಲು. ಅದನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ‘ಖ್ಯಾತ ವಿನ್ಯಾಸಕಾರ’ ಎಂಬ ಬಿರುದಿಗೆ ಆ ಬಲವಿಲ್ಲ. ವಿವರಗಳನ್ನೆಲ್ಲ ಲೋಗೋ ಚಿತ್ರದೊಳಗೆ ತುಂಬುವುದೂ ತಪ್ಪು: ಮೇಲ್ ಆ್ಯಪ್ ಚಿತ್ರವನ್ನು ತಡೆದರೆ ಫೋನ್ ನಂಬರೇ ಕಾಣದು.

ತಾ.ಕ., ಅಂದರೆ ಪಿ.ಎಸ್., ಸಹಿಯ ಮೇಲಿರಲಿ. ಕೆಳಗಿದ್ದರೆ ಅದೂ ಸಹಿಯ ಭಾಗವೆಂದು ಓದುಗರ ಕಣ್ಣು ತಪ್ಪಿಸುತ್ತದೆ. ಅದರಲ್ಲಿ ಒಂದೇ ಸಂಗತಿ ಇರಬೇಕು: ‘ತಾ.ಕ.: ಪರಿಷ್ಕೃತ ನಕ್ಷೆ ಲಗತ್ತಿಸಿದೆ, ಅಡುಗೆಮನೆಯ ಕಿಟಕಿ ಈಗ ಪೂರ್ವಕ್ಕಿದೆ.’