ಶೃಂಗ ಸರಿಯಿತು, ವಿಸ್ತೀರ್ಣ ಉಳಿಯಿತು

ಒಂದೇ ಪಾದದ ಮೇಲೆ, ಎರಡು ಸಮಾಂತರ ರೇಖೆಗಳ ನಡುವೆ ಇರುವ ತ್ರಿಭುಜಗಳ ವಿಸ್ತೀರ್ಣ ಸಮ. ಪ್ರೌಢಶಾಲೆಯಲ್ಲಿ ಉರುಹೊಡೆಯುವ ಈ ಪ್ರಮೇಯ ಯೂಕ್ಲಿಡ್‌ನ ಮೊದಲ ಪುಸ್ತಕದಲ್ಲಿ 37ನೆಯದು. ಕಾರಣ ಸರಳ. ವಿಸ್ತೀರ್ಣವೆಂದರೆ ಪಾದ ಮತ್ತು ಎತ್ತರಗಳ ಗುಣಲಬ್ಧದ ಅರ್ಧ. ಶೃಂಗವನ್ನು ಪಾದಕ್ಕೆ ಸಮಾಂತರವಾಗಿ ಎಷ್ಟು ದೂರ ಜಾರಿಸಿದರೂ ಎತ್ತರ ಬದಲಾಗುವುದಿಲ್ಲ. ತ್ರಿಭುಜ ಓರೆಯಾಗುತ್ತದೆ, ಅಷ್ಟೆ.

ಪರೀಕ್ಷೆಯ ಎರಡು ಅಂಕಕ್ಕೆಂದೇ ಹುಟ್ಟಿದಂತೆ ಕಾಣುವ ಈ ಮಾತನ್ನು ಹಿಡಿದು ನ್ಯೂಟನ್ ಆಕಾಶಕ್ಕೆ ಏಣಿ ಹಾಕಿದ. ಗ್ರಹವನ್ನೂ ಸೂರ್ಯನನ್ನೂ ಸೇರಿಸುವ ಗೆರೆ ಸಮಾನ ಕಾಲದಲ್ಲಿ ಸಮಾನ ವಿಸ್ತೀರ್ಣವನ್ನು ಗುಡಿಸಿಕೊಂಡು ಹೋಗುತ್ತದೆ ಎಂದು ಕೆಪ್ಲರ್ 1609ರಲ್ಲಿ ಪ್ರಕಟಿಸಿದ್ದ. ಹೀಗಾಗುವುದು ಏಕೆಂದು 1687ರ ‘ಪ್ರಿನ್ಸಿಪಿಯಾ’ದ ಮೊದಲ ಪ್ರಮೇಯ ಹೇಳುತ್ತದೆ.

ಗ್ರಾಫ್ ಹಾಳೆಯ ಮೇಲೆ ನಾವೇ ನೋಡಬಹುದು. ಮೂಲೆಯಲ್ಲಿ ಸೂರ್ಯ, ಅದು ‘ಸೂ’. ಅದರ ಬಲಕ್ಕೆ 6 ಸೆಂ.ಮೀ. ದೂರದಲ್ಲಿ ‘ಕ’. ಗ್ರಹ ಅಲ್ಲಿಂದ ಒಂದು ಕ್ಷಣದಲ್ಲಿ ನೇರ ಮೇಲಕ್ಕೆ 2 ಸೆಂ.ಮೀ. ಚಲಿಸಿ ‘ಖ’ ತಲುಪಿತೆನ್ನಿ. ಸೂ-ಕ-ಖ ತ್ರಿಭುಜದ ವಿಸ್ತೀರ್ಣ 6 ಚದರ ಸೆಂ.ಮೀ. ಯಾರೂ ಎಳೆಯದಿದ್ದರೆ ಮುಂದಿನ ಕ್ಷಣದಲ್ಲೂ ಅದು ಅದೇ ನೇರದಲ್ಲಿ 2 ಸೆಂ.ಮೀ. ಹೋಗಿ ‘ಗ’ ಸೇರುತ್ತಿತ್ತು. ಸೂ-ಖ-ಗ ತ್ರಿಭುಜದ ಪಾದವೂ 2, ಎತ್ತರವೂ ಅದೇ 6. ಹಾಗಾಗಿ ವಿಸ್ತೀರ್ಣ ಮತ್ತೆ 6. ಎಳೆತವೇ ಇಲ್ಲದಿದ್ದರೂ ನಿಯಮ ನಿಲ್ಲುತ್ತದೆ ಎಂಬುದೇ ಮೊದಲ ಸೋಜಿಗ.

ಈಗ ‘ಖ’ದಲ್ಲಿ ಸೂರ್ಯ ಗ್ರಹವನ್ನು ತನ್ನತ್ತ ಒಮ್ಮೆ ಜಗ್ಗಲಿ. ಜಗ್ಗಿದ ದಿಕ್ಕು ಖ-ಸೂ ಗೆರೆಯದು. ಆದ್ದರಿಂದ ಗ್ರಹ ‘ಗ’ಕ್ಕೆ ಹೋಗುವ ಬದಲು, ಆ ಗೆರೆಗೆ ಸಮಾಂತರವಾಗಿ ಸರಿದ ‘ಘ’ಕ್ಕೆ ಬರುತ್ತದೆ, ‘ಗ’ದಿಂದ ಎಡಕ್ಕೆ 3, ಕೆಳಕ್ಕೆ 1 ಎಂದಿಟ್ಟುಕೊಳ್ಳಿ. ಸೂ-ಖ-ಗ, ಸೂ-ಖ-ಘ ಎರಡಕ್ಕೂ ಪಾದ ಸೂ-ಖ ಒಂದೇ, ಶೃಂಗಗಳಿರುವುದು ಅದಕ್ಕೆ ಸಮಾಂತರವಾದ ಗೆರೆಯ ಮೇಲೆ. ಯೂಕ್ಲಿಡ್‌ನ 37ನೆಯ ಪ್ರಮೇಯ ಬಂದೇಬಿಟ್ಟಿತು: ವಿಸ್ತೀರ್ಣ ಪುನಃ 6. ಜಗ್ಗಾಟ ಎರಡರಷ್ಟು ಬಲವಾಗಿದ್ದರೂ ಫಲ ಇದೇ. ಕ್ಷಣಗಳನ್ನು ಕಿರಿದು ಮಾಡುತ್ತ ಹೋದರೆ ಮುರುಕು ಗೆರೆ ನುಣುಪಾದ ಕಕ್ಷೆಯಾಗುತ್ತದೆ.

ಭೂಮಿಯ ಲೆಕ್ಕವೂ ತಾಳೆಯಾಗುತ್ತದೆ. ಜನವರಿ ಮೊದಲ ವಾರದಲ್ಲಿ ಸೂರ್ಯನಿಂದ ಸುಮಾರು 14.71 ಕೋಟಿ ಕಿ.ಮೀ. ದೂರದಲ್ಲಿರುವ ಅದರ ವೇಗ ಸೆಕೆಂಡಿಗೆ 30.3 ಕಿ.ಮೀ.; ಜುಲೈನಲ್ಲಿ 15.21 ಕೋಟಿ ಕಿ.ಮೀ. ದೂರ, ವೇಗ 29.3. ದೂರವನ್ನು ವೇಗದಿಂದ ಗುಣಿಸಿ ನೋಡಿ, ಎರಡೂ ಸಲ ಹೆಚ್ಚುಕಡಿಮೆ ಒಂದೇ ಉತ್ತರ.

ಈ ಸಾಧನೆಯಲ್ಲಿ ಗುರುತ್ವದ ವಿಲೋಮ ವರ್ಗ ನಿಯಮದ ಸುದ್ದಿಯೇ ಇಲ್ಲ. ಎಳೆತ ಎಷ್ಟೇ ಇರಲಿ, ಅದು ಸೂರ್ಯನ ಕಡೆಗೇ ಇದ್ದರೆ ಸಾಕು. ದಿಕ್ಕು ತಪ್ಪಿದರೆ ಮಾತ್ರ ಕೆಟ್ಟಿತು: ‘ಗ’ದಿಂದ ಕೇವಲ ಎಡಕ್ಕೆ 3 ಸರಿಸಿ, ವಿಸ್ತೀರ್ಣ 9ಕ್ಕೆ ಹಾರುತ್ತದೆ. ಹಾಗಾಗಿ ವಿಸ್ತೀರ್ಣ ಏರುಪೇರಾದರೆ ಅಡ್ಡದಿಂದ ಮತ್ತಾರೋ ಎಳೆಯುತ್ತಿದ್ದಾರೆಂದೇ ಅರ್ಥ. ಭೂಮಿಯ ಸುತ್ತ ಚಂದ್ರ ಗುಡಿಸುವ ವಿಸ್ತೀರ್ಣ ಕರಾರುವಾಕ್ಕಾಗಿ ಸಮನಾಗಿರುವುದಿಲ್ಲ, ಎಳೆಯುತ್ತಿರುವುದು ಸೂರ್ಯ.