'ಈಗ ಸಿಗರೇಟು ಬಿಡೋಕಾಗಲ್ಲ' ಅಂದರೆ ಏನರ್ಥ?

ಕ್ಯಾನ್ಸರ್ ಆದ ಶ್ವಾಸಕೋಶದ ಫೋಟೊ ಫಾರ್ವರ್ಡ್ ಮಾಡಿದ್ದಕ್ಕೆ ನಿಮ್ಮ ಮಾವ, 'ಈಗ ಬಿಡೋಕಾಗಲ್ಲ ಕಣಯ್ಯ' ಅಂದರು. ಅದು ಹಟವೇ ಆಗಿರಬೇಕಿಲ್ಲ.

ಸಿಗರೇಟು ಬಿಡುವುದು ಹಂತಹಂತವಾಗಿ ನಡೆಯುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪ್ರೊಚಾಸ್ಕಾ ಮತ್ತು ಡಿಕ್ಲೆಮೆಂಟೆ 1983ರಲ್ಲೇ ಬರೆದಿದ್ದರು. ಮುಂದಿನ 6 ತಿಂಗಳಲ್ಲಿ ಬಿಡುವ ಯೋಚನೆಯೇ ಇಲ್ಲದವರು ಮೊದಲ ಹಂತದಲ್ಲಿದ್ದಾರೆ. ಯೋಚನೆ ಇದ್ದೂ ಹಿಂದೆಮುಂದೆ ನೋಡುವವರು ಎರಡನೆಯದರಲ್ಲಿ. 'ಈಗ ಆಗಲ್ಲ' ಎಂದು ಇಬ್ಬರೂ ಹೇಳುತ್ತಾರೆ. ಹಾಗಾಗಿ, '6 ತಿಂಗಳಲ್ಲಿ ಬಿಡೋ ಯೋಚನೆ ಇದೆಯಾ ಮಾವ?' ಎಂದು ಕೇಳಿ ನೋಡಿ.

'ಇದೆ, ಆದ್ರೆ ಸಿಗರೇಟು ಸೇದದೆ ಬೆಳಿಗ್ಗೆ ಹೊಟ್ಟೆ ಕ್ಲಿಯರ್ ಆಗಲ್ಲ' ಅಂದರೆ ಅವರು ಎರಡನೇ ಹಂತದವರು. ಅವರಿಗೆ ಬೇಕಿರುವುದು ಫೋಟೊ ಅಲ್ಲ, ಈ ಭಯಕ್ಕೆ ಉತ್ತರ: ನಿಕೋಟಿನ್ ಕರುಳನ್ನು ಚುರುಕಾಗಿಸುವುದು ನಿಜ, ಬಿಟ್ಟ ಮೇಲೆ ಮಲಬದ್ಧತೆ ಆಗಬಹುದು, ಆದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ.

ಅಂದಹಾಗೆ, 6 ತಿಂಗಳ ಗೆರೆ ಸಂಶೋಧಕರು ಎಳೆದದ್ದು. ಯಾವ ಹಂತವೂ ಇಲ್ಲದೆ ಒಮ್ಮೆಲೇ ಬಿಟ್ಟವರೂ ಇದ್ದಾರೆ. ಮಾವ 'ನಾಳೆಯಿಂದಲೇ ಬಿಡ್ತೀನಿ' ಅಂದರೆ ತಡೆಯಬೇಡಿ.