ಹಿರಿಯ ವೈದ್ಯರ ಮುಂದೆ ರೋಗಿಯ ವಿವರವನ್ನು ಒಪ್ಪಿಸುವ ಕ್ರಮ

ಜುಲೈ ತಿಂಗಳ ಒಂದು ರಾತ್ರಿ, ದೋಹಾದ ಆಸ್ಪತ್ರೆಯೊಂದರಲ್ಲಿ ಕಿರಿಯ ವೈದ್ಯೆಯೊಬ್ಬರು ನನಗೆ ರೋಗಿಯೊಬ್ಬನ ವಿವರ ಒಪ್ಪಿಸುತ್ತಿದ್ದರು. ಕಾಯಿಲೆ ಆರಂಭವಾದ ಬಗೆ, ಮನೆಯವರ ಕಾಯಿಲೆಗಳು, ರಕ್ತಪರೀಕ್ಷೆಯ ಅಂಕಿಗಳು ಎಲ್ಲವೂ ಸಾಲಾಗಿ ಬಂದವು. ಆರನೆಯ ನಿಮಿಷದಲ್ಲಿ "ಪೊಟ್ಯಾಸಿಯಂ 6.8" ಎಂದರು. ಹೃದಯವನ್ನೇ ನಿಲ್ಲಿಸಬಲ್ಲ ಸಂಗತಿಯದು. ಕೂಡಲೇ ಚಿಕಿತ್ಸೆ ಆರಂಭಿಸಿದೆವು. ಅಪಾಯ ಕಳೆದ ಮೇಲೆ ಇಬ್ಬರೂ ಕುಳಿತು ಅದೇ ವಿವರವನ್ನು ಮತ್ತೆ ಜೋಡಿಸಿದೆವು.

ಮೊದಲ ವಾಕ್ಯ ಹೀಗಾಯಿತು: "ಸರ್, 34 ವರ್ಷದ ಕಟ್ಟಡ ಕಾರ್ಮಿಕ. ಎರಡು ದಿನಗಳಿಂದ ಸ್ನಾಯುನೋವು, ಕಪ್ಪು ಮೂತ್ರ. ಪೊಟ್ಯಾಸಿಯಂ 6.8, ಇಸಿಜಿಯೂ ಬದಲಾಗಿದೆ." ಕೇಳುವವರಿಗೆ ಯಾರು, ಏನು, ಎಷ್ಟು ತುರ್ತು ಎಂಬುದು ಇಷ್ಟರಲ್ಲೇ ತಿಳಿಯುತ್ತದೆ.

ಬಳಿಕ ರೋಗದ ಇತಿಹಾಸ. ರೋಗಿ ಹೇಳಿದ್ದೆಲ್ಲವನ್ನೂ ಇಲ್ಲಿ ಹೇಳಬೇಕಿಲ್ಲ. ರೋಗನಿರ್ಣಯವನ್ನು ಅತ್ತಲೋ ಇತ್ತಲೋ ತಿರುಗಿಸುವ ಸಂಗತಿಗಳು ಸಾಕು. ಕತಾರಿನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗ್ಗೆ 10ರಿಂದ ಮಧ್ಯಾಹ್ನ 3:30ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಈತ ಕೆಲಸ ಮಾಡಿದ್ದು ಆ ಹೊತ್ತು ಮುಗಿದ ಮೇಲೆಯೇ. ಆದರೆ ರಜೆ ಮುಗಿಸಿ ರಾಯಚೂರಿನಿಂದ ಮರಳಿ ಐದೇ ದಿನವಾಗಿತ್ತು. ಸೆಕೆಯ ದುಡಿಮೆಗೆ ದೇಹ ಮತ್ತೆ ಒಗ್ಗಲು ಒಂದೆರಡು ವಾರ ಬೇಕು. "ಮೂತ್ರ ಡಿಕಾಕ್ಷನ್ ಇದ್ದಂಗ ಬರ್ತೈತ್ರೀ" ಎಂದು ಆತ ನನಗೆ ಕನ್ನಡದಲ್ಲೇ ಹೇಳಿದ್ದ.

ಪರೀಕ್ಷೆಯ ಭಾಗದಲ್ಲಿ ಇಲ್ಲದಿರುವುದಕ್ಕೂ ಬೆಲೆಯುಂಟು. ಪ್ರಜ್ಞೆ ಸ್ಪಷ್ಟವಾಗಿತ್ತು, ಆದ್ದರಿಂದ ಉಷ್ಣಾಘಾತದ ಸಂಭವ ಕಡಿಮೆ. ಮೂತ್ರದಲ್ಲಿ ಅದ್ದಿದ ಪಟ್ಟಿ ರಕ್ತವಿದೆಯೆಂದು ತೋರಿಸಿತು, ಸೂಕ್ಷ್ಮದರ್ಶಕದಲ್ಲಿ ಕೆಂಪು ರಕ್ತಕಣಗಳು ಕಾಣಲಿಲ್ಲ. ಅಂದರೆ ಬಣ್ಣ ಬಂದದ್ದು ಬಹುಶಃ ಸ್ನಾಯುವಿನ ಮಯೋಗ್ಲೋಬಿನ್‌ನಿಂದ.

ಮೌಲ್ಯಮಾಪನದಲ್ಲಿ ಅಂಕಿಗಳನ್ನು ಪುನಃ ಓದಬಾರದು. ಒಂದು ನಿಲುವು ತಳೆಯಬೇಕು. "ಶ್ರಮ ಮತ್ತು ಸೆಕೆಯಿಂದ ಸ್ನಾಯುಕೋಶಗಳು ಒಡೆದಿವೆ, ಅದರಿಂದ ಮೂತ್ರಪಿಂಡಕ್ಕೆ ಪೆಟ್ಟಾಗಿದೆ" ಎಂಬುದು ನಮ್ಮ ನಿಲುವು. ಅದಕ್ಕೆ ಹೊಂದದ ಸಂಗತಿಯನ್ನೂ ಅಲ್ಲಿಯೇ ಹೇಳಬೇಕು. ಆತನಿಗೆ 38.6 ಡಿಗ್ರಿ ಜ್ವರವಿತ್ತು, ಆತ ಊರಿನಿಂದ ಬಂದವನು. ಮಲೇರಿಯಾದಲ್ಲೂ ಮೂತ್ರ ಕಪ್ಪಾಗಬಹುದು. ಒಪ್ಪವಾದ ವರದಿಯ ಅಪಾಯವಿರುವುದು ಇಲ್ಲೇ: ತೀರ್ಮಾನಕ್ಕೆ ಒಗ್ಗದ್ದನ್ನು ಅದು ಸದ್ದಿಲ್ಲದೆ ಬಿಟ್ಟುಬಿಡುತ್ತದೆ.

ಕೊನೆಯದು ಚಿಕಿತ್ಸೆಯ ಯೋಜನೆ, ಕಾಲದ ಕ್ರಮದಲ್ಲಿ. ಈಗಲೇ ಹೃದಯದ ರಕ್ಷಣೆಗೆ ಕ್ಯಾಲ್ಸಿಯಂ, ಪೊಟ್ಯಾಸಿಯಮ್ಮನ್ನು ಕೋಶಗಳೊಳಕ್ಕೆ ಸರಿಸಲು ಗ್ಲೂಕೋಸಿನೊಡನೆ ಇನ್ಸುಲಿನ್, ಜೊತೆಗೆ ಸಲೈನ್ ಮತ್ತು ಮಲೇರಿಯಾ ಪರೀಕ್ಷೆ. ಒಂದು ಗಂಟೆಯ ನಂತರ ಪೊಟ್ಯಾಸಿಯಂ ಮತ್ತೊಮ್ಮೆ. ಅದು ಇಳಿಯದಿದ್ದರೆ, ಅಥವಾ ಮೂತ್ರ ಹರಿಯದಿದ್ದರೆ, ಡಯಾಲಿಸಿಸ್. ಆದ್ದರಿಂದ ಮೂತ್ರಪಿಂಡ ತಜ್ಞರಿಗೆ ಈಗಲೇ ಕರೆ.

ಎರಡನೆಯ ಸಲ ಆಕೆ ತೆಗೆದುಕೊಂಡದ್ದು ಮೂರು ನಿಮಿಷ. ಪೊಟ್ಯಾಸಿಯಂ ನನ್ನ ಕಿವಿಗೆ ಬಿದ್ದದ್ದು ಹತ್ತನೆಯ ಸೆಕೆಂಡಿನಲ್ಲಿ.